ಮಳೆಗಾಲದಲ್ಲಿ ಬೆವರುವ ನೆಲ: ಅಮ್ಮನ ಕೋಣೆಗೆ ಏನು ಹಾಕಿಸಬೇಕು?

ಪ್ರಶ್ನೆ: ನಮ್ಮದು ಕುಮಟಾದ ಹತ್ತಿರ ಚಿರೆಕಲ್ಲಿನ ಮನೆ. ಅಮ್ಮನಿಗೆ 78 ವರ್ಷ, ಎರಡೂ ಮಂಡಿ ಸವೆದಿವೆ. ಆರು ವರ್ಷಗಳ ಹಿಂದೆ ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಹೊಳಪಿನ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಕಳೆದ ಜುಲೈಯಲ್ಲಿ ಅಮ್ಮ ಬೆಳಗ್ಗೆ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮೆತ್ತಗಿನ ನೆಲ ಹಾಕಿಸಿದರೆ ಬಿದ್ದರೂ ಪೆಟ್ಟಾಗುವುದಿಲ್ಲ, ಮಂಡಿಗೂ ಹಿತ ಎನ್ನುತ್ತಾರೆ. ಯಾವುದನ್ನು ಹಾಕಿಸಲಿ?

ಉತ್ತರ: ಮೆತ್ತಗಿನ ನೆಲದ ಮಾತನ್ನು ಸ್ವಲ್ಪ ಹೊತ್ತು ಬದಿಗಿಡಿ. ಅಮ್ಮ ಬಿದ್ದದ್ದು ಜುಲೈಯಲ್ಲಿ, ಬಚ್ಚಲಿನ ಒಳಗಲ್ಲ, ಕೋಣೆಯ ನೆಲದ ಮೇಲೆ. ಅಲ್ಲಿ ಯಾರೂ ನೀರು ಚೆಲ್ಲಿರದಿದ್ದರೆ ಆ ನೆಲಕ್ಕೆ ತೇವ ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿಯಬೇಕು. ಉಳಿದ ಆಯ್ಕೆಗಳೆಲ್ಲ ಆ ಉತ್ತರದ ಮೇಲೆಯೇ ನಿಂತಿವೆ.

ಕರಾವಳಿಯ ನೆಲಕ್ಕೆ ಎರಡು ದಾರಿಯಿಂದ ತೇವ ಬರುತ್ತದೆ. ಒಂದು ಮೇಲಿನಿಂದ. ನಾಲ್ಕಾರು ದಿನ ಬಿಡದೆ ಮಳೆ ಹೊಡೆದು ನೆಲ ತಣ್ಣಗಾಗಿರುತ್ತದೆ. ನಡುವೆ ಒಂದು ದಿನ ಹೊಳವಾದರೆ ಬೆಚ್ಚಗಿನ, ನೀರಾವಿ ತುಂಬಿದ ಗಾಳಿ ಒಳಗೆ ಬಂದು ಆ ತಣ್ಣನೆಯ ಟೈಲ್ಸಿಗೆ ತಾಗುತ್ತದೆ, ಆವಿ ಹನಿಯಾಗಿ ಕೂರುತ್ತದೆ. ನೆಲ ಬೆವರುವುದು ಎಂದರೆ ಇದೇ. ಈ ಪದರ ಎಷ್ಟು ತೆಳುವೆಂದರೆ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಇನ್ನೊಂದು ದಾರಿ ಕೆಳಗಿನಿಂದ. ತೇವ ತಡೆಯುವ ಪದರವಿಲ್ಲದ ಹಳೆಯ ಅಡಿಪಾಯದಲ್ಲಿ ಮಣ್ಣಿನ ನೀರು ಮೇಲೇರಿ ಟೈಲ್ಸ್ ಸಂದುಗಳಿಂದ ಹೊರಬರುತ್ತದೆ. ಸಂದಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಗೋಡೆಯ ಬುಡದಲ್ಲಿ ಬಣ್ಣ ಉದುರುತ್ತಿದ್ದರೆ ಇದನ್ನೇ ಅನುಮಾನಿಸಿ.

ಎರಡರಲ್ಲಿ ಯಾವುದು ಎಂದು ತಿಳಿಯಲು ಖರ್ಚೇ ಇಲ್ಲದ ಪರೀಕ್ಷೆಯಿದೆ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತನ್ನಿ. ನೆಲವನ್ನು ಒರೆಸಿ ಒಣಗಿಸಿ, ಟೈಲ್ಸ್ ಸಂದುಗಳು ಹಾಳೆಯ ನಡುವೆ ಬರುವಂತೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಹಚ್ಚಿ. ವಿಟ್ರಿಫೈಡ್ ಟೈಲ್ಸ್ ನೀರನ್ನು ಬಿಡುವುದಿಲ್ಲ, ಬಂದರೆ ಸಂದಿನಿಂದಲೇ ಬರಬೇಕು, ಆದ್ದರಿಂದ ಸಂದು ನಡುವೆ ಇರಲೇಬೇಕು. ಒಂದು ದಿನ ಪೂರ್ತಿ ಹಾಗೆಯೇ ಬಿಡಿ. ಹಾಳೆಯ ಅಡಿ ಹನಿ ಕಟ್ಟಿದ್ದರೆ ತೇವ ಕೆಳಗಿನದು. ಅಡಿ ಒಣಗಿದ್ದು ಮೇಲ್ಮೈ ಮಾತ್ರ ತೇವವಾಗಿದ್ದರೆ ಗಾಳಿಯದು. ಇದನ್ನು ಮಳೆಗಾಲದಲ್ಲಿಯೇ ಮಾಡಬೇಕು. ಮಾರ್ಚಿನಲ್ಲಿ ಮಾಡಿದರೆ ಎಲ್ಲ ನೆಲವೂ ಒಣಗಿದ್ದೇ.

ಈಗ ಮೆತ್ತಗಿನ ನೆಲಕ್ಕೆ ಬರೋಣ. ಬಿದ್ದರೂ ಪೆಟ್ಟಾಗದ ನೆಲ ಎಂಬ ಆಸೆ ನನಗೂ ಇತ್ತು. ಕೆನಡಾದ ಒಂದು ವೃದ್ಧಾಶ್ರಮದ 150 ಕೋಣೆಗಳಲ್ಲಿ ನಾಲ್ಕು ವರ್ಷ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಕೋಣೆಗಳಿಗೆ ವಿನೈಲ್ ಹೊದಿಕೆಯ ಕೆಳಗೆ ಪೆಟ್ಟು ಹೀರುವ ಪದರ, ಉಳಿದವಕ್ಕೆ ಅದೇ ಹೊದಿಕೆಯ ಕೆಳಗೆ ಪ್ಲೈವುಡ್. 2019ರಲ್ಲಿ ಫಲಿತಾಂಶ ಬಂತು: ಗಂಭೀರ ಪೆಟ್ಟುಗಳು ಕಡಿಮೆಯಾಗಲಿಲ್ಲ. ಅದು ಇದಕ್ಕೆಂದೇ ಮಾಡಿದ, ಸುಮಾರು ಒಂದು ಇಂಚು ದಪ್ಪದ ಪದರ. ಅಂಗಡಿಯಲ್ಲಿ ಸಿಗುವ ಎರಡು ಮೂರು ಮಿಲಿಮೀಟರ್ ಫೋಮ್ ಇರುವ ವಿನೈಲ್ ಸೊಂಟದ ಮೂಳೆಯನ್ನು ಉಳಿಸುತ್ತದೆ ಎಂದು ನಂಬಿ ಹಣ ಹಾಕಬೇಡಿ. ಮಕ್ಕಳ ಆಟಕ್ಕೆ ಹಾಸುವ ದಪ್ಪ ಫೋಮ್ ಚೌಕಗಳಂತೂ ಬೇಡವೇ ಬೇಡ. ಕಾಲು ಹುದುಗುತ್ತದೆ, ವಾಕರ್ ಓಲಾಡುತ್ತದೆ, ಅಂಚಿಗೆ ಬೆರಳು ತಾಗಿ ಎಡವುತ್ತಾರೆ.

ಹಾಗಾದರೆ ಫೋಮ್ ವಿನೈಲ್‌ನಿಂದ ಲಾಭವಿಲ್ಲವೇ? ಇದೆ, ಆದರೆ ಬೇರೆ ಕಾರಣಕ್ಕೆ. ಅದು ಟೈಲ್ಸಿನಷ್ಟು ತಣ್ಣಗಿರುವುದಿಲ್ಲ. ಕೋಣೆಯ ಗಾಳಿಯೊಂದಿಗೆ ಬೇಗ ಬೆಚ್ಚಗಾಗುವುದರಿಂದ ಕಡಿಮೆ ಬೆವರುತ್ತದೆ. ಬರಿಗಾಲಲ್ಲಿ ನಡೆಯುವ, ಮಂಡಿ ಸವೆದವರಿಗೆ ಹೆಜ್ಜೆ ತುಸು ಹಗುರವೆನಿಸುತ್ತದೆ. ಆದ್ದರಿಂದ ನಿಮ್ಮ ಪರೀಕ್ಷೆಯಲ್ಲಿ ಹಾಳೆಯ ಅಡಿ ಒಣಗಿದ್ದರೆ ಮಲಗುವ ಕೋಣೆಗೆ ಹೊಳಪಿಲ್ಲದ, ತರಿ ಮೇಲ್ಮೈಯ ವಿನೈಲ್ ಸುರುಳಿಯನ್ನೇ ನಾನು ಸೂಚಿಸುತ್ತೇನೆ. ಹಾಸಿ ಬಿಡುವುದಲ್ಲ, ಪೂರ್ತಿ ಅಂಟಿಸಬೇಕು. ಅದಕ್ಕೂ ಮೊದಲು ಟೈಲ್ಸ್ ಸಂದುಗಳನ್ನು ತುಂಬಿ ಸಮ ಮಾಡಿಸಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಸಂದಿನ ಗೆರೆ ಮೇಲೆ ಮೂಡುತ್ತದೆ. ನಿಮ್ಮ ಕೋಣೆ ಹತ್ತು ಅಡಿ ಅಗಲ, ಸುರುಳಿ ಎರಡು ಮೀಟರ್ ಎಂದರೆ ಆರೂವರೆ ಅಡಿ ಎಂದುಕೊಳ್ಳಿ. ಜೋಡಣೆ ಒಂದು ಬಂದೇ ಬರುತ್ತದೆ. ಅದು ಮಂಚದಿಂದ ಬಚ್ಚಲಿನ ಬಾಗಿಲಿಗೆ ಹೋಗುವ ದಾರಿಯಲ್ಲಿ ಬೀಳದೆ ಮಂಚದ ಅಡಿಗೋ ಕಪಾಟಿನ ಬದಿಗೋ ಬೀಳುವಂತೆ ಹಾಸಲು ಹೇಳಿ.

ಅಡಿ ತೇವವಿದ್ದರೆ ವಿನೈಲ್ ಬೇಡ, ಎಷ್ಟೇ ಒಳ್ಳೆಯದಾದರೂ ಬೇಡ. ಹೊರಬರಲಾರದ ನೀರು ಅಂಟನ್ನು ಸಡಿಲಿಸುತ್ತದೆ, ಹಾಳೆ ಗುಳ್ಳೆಯೇಳುತ್ತದೆ, ಅಂಚು ಎದ್ದು ಎಡವಲು ಹೊಸ ಜಾಗವಾಗುತ್ತದೆ. ಮರದ ಲ್ಯಾಮಿನೇಟ್ ಉಬ್ಬುತ್ತದೆ. ಅಂಥ ಮನೆಗೆ ಹೊಳಪಿಲ್ಲದ ಮ್ಯಾಟ್ ಟೈಲ್ಸೇ ಸರಿ. ಹಳೆಯದರ ಮೇಲೆಯೇ ಅಂಟಿಸಿದರೆ ನೆಲ ಒಂದು ಸೆಂಟಿಮೀಟರಿಗಿಂತ ಹೆಚ್ಚು ಏರುತ್ತದೆ. ಬಾಗಿಲಿನ ಅಡಿ ಕೆತ್ತಬೇಕು, ಪಕ್ಕದ ಕೋಣೆ ಕೂಡುವಲ್ಲಿ ಇಳಿಜಾರು ಪಟ್ಟಿ ಕೂರಿಸಬೇಕು. ಕಾಲು ಎಳೆದು ನಡೆಯುವವರಿಗೆ ಅಷ್ಟು ಚಿಕ್ಕ ಏರೂ ಸಾಕು, ಬೀಳಲು.

ಟೈಲ್ಸ್ ಆರಿಸುವಾಗ ಪೆಟ್ಟಿಗೆಯ ಮೇಲೆ ‘ಆಂಟಿ ಸ್ಕಿಡ್’ ಎಂದಿದ್ದರೆ ತೃಪ್ತರಾಗಬೇಡಿ. ಆರ್ 9ರಿಂದ ಆರ್ 13ರವರೆಗಿನ ದರ್ಜೆ ಎಷ್ಟೆಂದು ಕೇಳಿ. ಕೋಣೆಗೆ ಆರ್ 10, ಬಚ್ಚಲಿಗೆ ಆರ್ 11. ಈ ದರ್ಜೆ ಬೂಟು ಹಾಕಿ, ಎಣ್ಣೆ ಸುರಿದ ಇಳಿಜಾರಿನಲ್ಲಿ ನಡೆದು ಕೊಟ್ಟದ್ದು. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಯಿದೆ. ಬಚ್ಚಲಿಗೆ ಬಿ ಸಿಕ್ಕರೆ ಒಳ್ಳೆಯದು. ದರ್ಜೆ ಹೇಳಲಾಗದ ಅಂಗಡಿಯಿಂದ ಎರಡು ಮಾದರಿ ಮನೆಗೆ ತಂದು, ನೀರು ಮತ್ತು ಒಂದು ತೊಟ್ಟು ಸೋಪು ಹಾಕಿ, ಕುರ್ಚಿಯಲ್ಲಿ ಕುಳಿತು ಹಿಮ್ಮಡಿಯಿಂದ ಒತ್ತಿ ದೂಡಿ ನೋಡಿ. ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅತಿ ಒರಟು ಟೈಲ್ಸ್ ಕೋಣೆಗೆ ತರಬೇಡಿ, ಅಮ್ಮ ಕಾಲೆಳೆದು ನಡೆಯುವವರಾದರೆ ಪಾದ ತಡೆದು ಮುಗ್ಗರಿಸಬಹುದು. ಬಚ್ಚಲಿಗೆ ಚಿಕ್ಕ ಅಳತೆಯ ಟೈಲ್ಸ್ ಒಳ್ಳೆಯದು, ಸಂದು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ. ಆದರೆ ವಾರಕ್ಕೊಮ್ಮೆ ತಿಕ್ಕದಿದ್ದರೆ ಸೋಪು, ಎಣ್ಣೆಯ ಜಿಡ್ಡು ಆ ತರಿಯನ್ನೇ ಮುಚ್ಚುತ್ತದೆ.

ಶಿರಸಿ ಕಡೆಯ ಒಂದು ಮನೆಯಲ್ಲಿ ಹೊಸ ಟೈಲ್ಸ್ ಎಲ್ಲ ಸರಿಯಿತ್ತು, ಬಚ್ಚಲಿನ ಬಾಗಿಲಿಗೆ ಮಾತ್ರ ಹಿಂದಿನಂತೆ ಗೋಣಿತಾಟು ಹಾಸಿದ್ದರು. ಹಿಂದಿನ ಒರಟು ನೆಲಕ್ಕೆ ಅದು ಕಚ್ಚಿಕೊಳ್ಳುತ್ತಿತ್ತು, ನಯವಾದ ಟೈಲ್ಸ್ ಮೇಲೆ ಕಾಲಿನೊಂದಿಗೇ ಓಡುತ್ತದೆ. ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆಗೆಯಿರಿ.

ಅಂಟಿಸುವ ಕೆಲಸ ಈಗ ಬೇಡ, ಜನವರಿಯಿಂದ ಏಪ್ರಿಲ್ ಒಳಗೆ ಮಾಡಿಸಿ. ಅಲ್ಲಿಯವರೆಗೆ ಮಂಚದಿಂದ ಬಚ್ಚಲಿನವರೆಗೆ ಅಡಿಯಲ್ಲಿ ರಬ್ಬರ್ ಇರುವ ಉದ್ದನೆಯ ಮ್ಯಾಟ್ ಒಂದೇ ತುಂಡಾಗಿ ಹಾಸಿ, ಅಂಚುಗಳನ್ನು ಟೇಪಿನಿಂದ ಕೂರಿಸಿ. ಅಮ್ಮ ಮನೆಯೊಳಗೆ ಚಪ್ಪಲಿ ಹಾಕಲು ಒಪ್ಪಿದರೆ ಹಿಂದೆ ಪಟ್ಟಿಯಿರುವ, ತಳ ಸವೆಯದ ರಬ್ಬರಿನದು ಕೊಡಿ. ಅಡುಗೆಕಟ್ಟೆಯ ಎದುರು ನಿಲ್ಲುವ ಜಾಗದಲ್ಲಿ, ಅಂಚು ಇಳಿಜಾರಾಗಿರುವ ಒಂದು ಗಟ್ಟಿ ರಬ್ಬರ್ ಮ್ಯಾಟ್ ಸೊಂಟ, ಮಂಡಿಗೆ ಇಡೀ ಮನೆಯ ಮೆತ್ತನೆ ನೆಲಕ್ಕಿಂತ ಹೆಚ್ಚು ನೆಮ್ಮದಿ ಕೊಡುತ್ತದೆ. ಹೊಳವಾದ ಬೆಳಗಿನಲ್ಲಿ ಕಿಟಕಿ ಮುಚ್ಚಿ ಫ್ಯಾನ್ ಹಾಕಿಡಿ, ಒದ್ದೆ ಬಟ್ಟೆಯಿಂದ ಒರೆಸುವ ಕೆಲಸವನ್ನು ಅಮ್ಮ ಕುಳಿತಿರುವ ಹೊತ್ತಿಗೆ ಇಟ್ಟುಕೊಳ್ಳಿ. ಮತ್ತೊಂದು ಮಾತು: ಮಂಚದಿಂದ ಎದ್ದ ಕೂಡಲೇ ಬಿದ್ದವರಿಗೆ ಕೆಲವೊಮ್ಮೆ ಜಾರಿದ್ದಲ್ಲ, ತಲೆ ತಿರುಗಿದ್ದಿರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಲಗಿದಾಗಲೂ ನಿಂತಾಗಲೂ ಬಿಪಿ ನೋಡಲು ವೈದ್ಯರಲ್ಲಿ ಕೇಳಿ.