ಸಂಬಳಕ್ಕೆ ಬಂದೂಕು ಹಿಡಿದವರೆಲ್ಲ ಬಾಡಿಗೆ ಸೈನಿಕರೇ?

ಪ್ರಶ್ನೆ: ನಮ್ಮ ಅಣ್ಣ ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ವಿದೇಶದಲ್ಲಿ ತೈಲ ಘಟಕ ಕಾಯುವ ಖಾಸಗಿ ಮಿಲಿಟರಿ ಕಂಪನಿಯಿಂದ ಕರೆ ಬಂದಿದೆ. ಹೋದರೆ ಬಾಡಿಗೆ ಸೈನಿಕ ಅಂತ ಆಗುತ್ತದಾ? – ಗಂಗಾವತಿಯ ಓದುಗರೊಬ್ಬರು

ಉತ್ತರ: ಕಾವಲು ಕೆಲಸವೊಂದರಿಂದಲೇ ಹಾಗಾಗುವುದಿಲ್ಲ. ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್‌ನ 47ನೇ ವಿಧಿ ಒಬ್ಬನನ್ನು ಬಾಡಿಗೆ ಸೈನಿಕ ಎನ್ನಲು ಆರು ಷರತ್ತು ಹಾಕುತ್ತದೆ. ಯುದ್ಧದಲ್ಲಿ ಕಾದಾಡಲೆಂದೇ ನೇಮಕವಾಗಿರಬೇಕು, ನೇರವಾಗಿ ಕಾದಾಡಿರಬೇಕು, ಅಲ್ಲಿನ ಅದೇ ದರ್ಜೆಯ ಸೈನಿಕರಿಗಿಂತ ಬಹಳ ಹೆಚ್ಚಿನ ಹಣದ ಆಸೆಗೆ ಹೋಗಿರಬೇಕು. ಜೊತೆಗೆ ಕಾದಾಡುವ ದೇಶಗಳ ಪ್ರಜೆಯಾಗಲಿ ನಿವಾಸಿಯಾಗಲಿ ಆಗಿರಬಾರದು, ಅವುಗಳ ಸೇನೆಗೆ ಸೇರಿರಬಾರದು, ಬೇರೆ ದೇಶ ತನ್ನ ಸೈನಿಕನೆಂದು ಅಧಿಕೃತವಾಗಿ ಕಳಿಸಿರಲೂಬಾರದು. ಆರೂ ಒಟ್ಟಿಗೆ ಕೂಡಬೇಕು, ಒಂದು ತಪ್ಪಿದರೂ ಈ ಹೆಸರು ಅಂಟುವುದಿಲ್ಲ. ಬ್ರಿಟಿಷ್ ಸೇನೆಯಲ್ಲಿರುವ ನೇಪಾಳದ ಗೂರ್ಖಾಗಳು ಬಾಡಿಗೆ ಸೈನಿಕರಲ್ಲ, ಏಕೆಂದರೆ ಅವರು ಆ ಸೇನೆಯ ಸದಸ್ಯರೇ.

ಆದರೆ ನಿಮ್ಮ ಅಣ್ಣನ ಮಟ್ಟಿಗೆ ಹೆಸರಿಗಿಂತ ದೊಡ್ಡ ಪ್ರಶ್ನೆ, ಸೆರೆ ಸಿಕ್ಕರೆ ಏನು ಎಂಬುದು. ದೇಶದ ಸೈನಿಕ ಯುದ್ಧಕೈದಿಯಾಗುತ್ತಾನೆ. ನಿಯಮ ಮೀರದೆ ಕಾದಾಡಿದ್ದಕ್ಕೆ ಅವನನ್ನು ಶಿಕ್ಷಿಸುವಂತಿಲ್ಲ, ಕಾಳಗ ಮುಗಿದ ಮೇಲೆ ಬಿಡಲೇಬೇಕು. ಕಂಪನಿಯ ಕಾವಲುಗಾರ ಕಾನೂನಿನ ಕಣ್ಣಲ್ಲಿ ಸಾಮಾನ್ಯವಾಗಿ ನಾಗರಿಕ. ಗೇಟಿನ ಬಳಿ ಕಳ್ಳರನ್ನು ತಡೆಯುವ ತನಕ, ದಾಳಿಗೆ ಗುರಿ ಮಾಡುವಂತಿಲ್ಲ ಎಂಬ ನಾಗರಿಕನ ರಕ್ಷಣೆ ಇರುತ್ತದೆ. ಎದುರು ಪಕ್ಷದ ಸೇನೆಯ ಮೇಲೆ ದಾಳಿಗೆ ಕೈ ಹಾಕಿದರೆ ಆ ಹೊತ್ತಿಗೆ ಅವನೂ ಗುರಿಯೇ, ಸಿಕ್ಕಿಬಿದ್ದರೆ ಕೊಲೆ ಮೊಕದ್ದಮೆಯನ್ನೂ ಎದುರಿಸಬೇಕಾಗುತ್ತದೆ. 1976ರಲ್ಲಿ ಅಂಗೋಲಾದ ಲುವಾಂಡಾದಲ್ಲಿ ಬಾಡಿಗೆ ಸೈನಿಕರೆಂದು 13 ವಿದೇಶಿಯರ ವಿಚಾರಣೆ ನಡೆದು ನಾಲ್ವರನ್ನು ಗುಂಡಿಕ್ಕಿ ಕೊಂದರು.

ನಮ್ಮ ಪಕ್ಕದ ಕಲಬುರಗಿಯ ಹುಡುಗರಿಗೆ ಆದದ್ದು ಇದರ ಇನ್ನೊಂದು ಮುಖ. ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ಏಜೆಂಟರು ರಷ್ಯಾಕ್ಕೆ ಕರೆದೊಯ್ದು, ಓದಲು ಬಾರದ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿದರು. ಅದು ಸೇನೆಯ ಕರಾರು. ಸೇನೆಗೆ ಸೇರಿದ ಮೇಲೆ ಕಾಯ್ದೆ ಪ್ರಕಾರ ಬಾಡಿಗೆ ಸೈನಿಕರಲ್ಲ, ಸೆರೆಯಾದರೆ ಯುದ್ಧಕೈದಿಯ ಹಕ್ಕೂ ಉಂಟು. ಆದರೆ ಕಂಪನಿ ಕೆಲಸದಂತೆ ರಾಜೀನಾಮೆ ಕೊಟ್ಟು ಬರುವ ದಾರಿ ಮುಚ್ಚಿತು. 2024ರಲ್ಲಿ ಸಿಬಿಐ ಏಜೆಂಟರ ಮೇಲೆ ಕೇಸು ದಾಖಲಿಸಿತು. ಮನೆಗೆ ಮರಳಲು ಎರಡು ಸರ್ಕಾರಗಳು ಮಾತನಾಡಬೇಕಾಯಿತು.

ಹಾಗಾಗಿ ಸಹಿಗೆ ಮುಂಚೆ ಕರಾರನ್ನು ಅನುವಾದ ಮಾಡಿಸಿ, ಕೆಲಸ ಕೊಡುವವರು ಕಂಪನಿಯೋ ರಕ್ಷಣಾ ಇಲಾಖೆಯೋ ನೋಡಿ. ಕೆಲಸದ ಜಾಗದ ಹೆಸರು, ಬಿಟ್ಟು ಬರುವ ಷರತ್ತು, ಗಾಯ ಮತ್ತು ಸಾವಿನ ವಿಮೆ ಬರಹದಲ್ಲೇ ಇರಬೇಕು. ಸೈನಿಕ ಸತ್ತರೆ ಮನೆಯವರಿಗೆ ಸರ್ಕಾರದ ಪಿಂಚಣಿ ಬರುತ್ತದೆ, ಕಂಪನಿಯವನಿಗೆ ಹೆಚ್ಚುಕಡಿಮೆ ಆ ಕಾಗದದಲ್ಲಿ ಬರೆದಷ್ಟೇ. ಏಜೆಂಟರ ನೋಂದಣಿಯನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ಹೆಸರು ಸಿಗದಿದ್ದರೆ ಅಣ್ಣನ ಪಾಸ್‌ಪೋರ್ಟ್ ಅವರ ಕೈಗೆ ಕೊಡಬೇಡಿ.