ಮೂರನೇ ಚಾನೆಲ್ ಖಾಲಿ ಇಲ್ಲ

ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನಿನ ವೈಫೈ ಸ್ಕ್ಯಾನರ್ ತೆರೆದರೆ, 2.4 ಗಿಗಾಹರ್ಟ್ಸ್ ಪಟ್ಟಿಯ 1, 6, 11ನೇ ಚಾನೆಲ್‌ಗಳಲ್ಲಿ ಅಕ್ಕಪಕ್ಕದವರ ರೌಟರುಗಳು ಗುಂಪುಗೂಡಿರುತ್ತವೆ. 3, 9 ಖಾಲಿ ಕಾಣುತ್ತವೆ. ಖಾಲಿ ಇದ್ದಲ್ಲಿ ಹೋಗಿ ಕೂರೋಣ ಅನ್ನಿಸುವುದು ಸಹಜ, ಆದರೆ ಅಲ್ಲಿ ಖಾಲಿ ಜಾಗವೇ ಇಲ್ಲ.

ಚಾನೆಲ್ ಸಂಖ್ಯೆ ಹೇಳುವುದು ಸಂಕೇತದ ನಡುವನ್ನು ಮಾತ್ರ. 1ನೇ ಚಾನೆಲ್‌ನ ನಡು 2412 ಮೆಗಾಹರ್ಟ್ಸ್; ಮುಂದಿನ ಒಂದೊಂದು ಸಂಖ್ಯೆಗೂ 5 ಮೆಗಾಹರ್ಟ್ಸ್ ಕೂಡಿಸುತ್ತ ಹೋಗಬೇಕು. ರೌಟರ್ ಬಳಸುವ ಅಗಲ ಮಾತ್ರ 20. ಹಾಗಾಗಿ 1 ಚಾಚಿಕೊಳ್ಳುವುದು 2402ರಿಂದ 2422ರವರೆಗೆ, 6 ಇರುವುದು 2427ರಿಂದ 2447ರವರೆಗೆ. ಇವೆರಡರ ನಡುವೆ ಉಳಿದದ್ದು ಬರೀ 5. ಅಲ್ಲಿ 3ನ್ನು ತಂದಿಟ್ಟರೆ ಅದು 1ರ ಅರ್ಧದ ಮೇಲೂ 6ರ ಕಾಲು ಭಾಗದ ಮೇಲೂ ಬಿದ್ದಿರುತ್ತದೆ.

ಈ ಇಕ್ಕಟ್ಟಿಗೆ ಒಂದು ಇತಿಹಾಸವಿದೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯ ಅಂತಾರಾಷ್ಟ್ರೀಯ ಸಮ್ಮೇಳನ ಈ ಪಟ್ಟಿಯನ್ನು ಬಿಸಿಮಾಡುವ ಯಂತ್ರಗಳಂಥವಕ್ಕೆ ಬಿಟ್ಟುಕೊಟ್ಟಿತು. ಸಂವಹನಕ್ಕೆ ಪರವಾನಗಿಯಿಲ್ಲದೆ ಬಳಸಲು ಅಮೆರಿಕ ಒಪ್ಪಿದ್ದು 1985ರಲ್ಲಿ. ಓವನ್, ಬ್ಲೂಟೂತ್, ವೈಫೈ ಎಲ್ಲಕ್ಕೂ ಸೇರಿ ಇಲ್ಲಿರುವುದು 83.5 ಮೆಗಾಹರ್ಟ್ಸ್ ಮಾತ್ರ.

ಹಾಗಾದರೆ 1ರಲ್ಲಿ ಮೂರು ರೌಟರುಗಳು ಇರುವಾಗ ನಾಲ್ಕನೆಯದಾಗಿ ನುಗ್ಗುವುದು ಹೇಗೆ ಲಾಭ? ವೈಫೈ ಮಾತಾಡುವ ಮೊದಲು ಕೇಳಿಸಿಕೊಳ್ಳುತ್ತದೆ. ಅದೇ ಚಾನೆಲ್‌ನಲ್ಲಿ ಇನ್ನೊಂದು ರೌಟರಿನ ಪ್ಯಾಕೆಟ್ ಶುರುವಾದರೆ ಅದರ ತಲೆಭಾಗವನ್ನು ಓದಿ, ಇಷ್ಟು ಹೊತ್ತು ಸುಮ್ಮನಿರಬೇಕು ಎಂದು ತಿಳಿದುಕೊಳ್ಳುತ್ತದೆ. ಇದಕ್ಕೆ −82 ಡಿಬಿಎಂನಷ್ಟು ಕ್ಷೀಣ ಸಂಕೇತವೂ ಸಾಕು. ಡಿಬಿಎಂ ಅಂದರೆ ಸಂಕೇತದ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಪಕ್ಕದ ಚಾನೆಲ್‌ನ ಪ್ಯಾಕೆಟ್ ಮಾತ್ರ ಅರೆಬರೆಯಾಗಿ ಬರುವುದರಿಂದ ಅದನ್ನು ಓದಲಾಗದು. ಬರೀ ಗದ್ದಲವೆಂದು ಲೆಕ್ಕ. ಗದ್ದಲಕ್ಕೆ ಮಣಿದು ನಿಲ್ಲಬೇಕಾದರೆ ಅದು −62ರಷ್ಟು, ಅಂದರೆ ನೂರು ಪಟ್ಟು ಬಲವಾಗಿರಬೇಕು. ಒಂದೇ ಕೋಣೆಯಲ್ಲಿ ಕೂತವರು ಸರದಿಯಂತೆ ಮಾತಾಡುತ್ತಾರೆ, ತೆಳುಗೋಡೆಯಾಚೆ ಕೂತವರು ಯಾರಿಗೂ ಕಾಯದೆ ಮಾತಾಡಿ ಇಬ್ಬರ ಮಾತೂ ಕೆಡಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಫೋನಿಗೆ ಸ್ವಂತ ರೌಟರ್ −60ರಲ್ಲಿ, ಪಕ್ಕದ ಮನೆಯ 1ನೇ ಚಾನೆಲ್ −67ರಲ್ಲಿ ಸಿಗುತ್ತಿದೆ. ನೀವು 3ರಲ್ಲಿದ್ದರೆ ಅದರ ಸುಮಾರು ಅರ್ಧ ಶಕ್ತಿ, −70, ನಿಮ್ಮೊಳಗೆ ಬೆರೆಯುತ್ತದೆ. ಉಳಿದ ಅಂತರ 10 ಡೆಸಿಬೆಲ್. ಪೂರ್ತಿ ವೇಗಕ್ಕೆ ಬೇಕಾದದ್ದು ಸುಮಾರು 25. ಹಾಗಾಗಿ ಇಬ್ಬರೂ ಒಟ್ಟಿಗೆ ಕಳಿಸುವಾಗಲೆಲ್ಲ 65 ಎಂಬಿಪಿಎಸ್ ಸಂಪರ್ಕ 13ರ ಆಸುಪಾಸಿಗೆ ಕುಸಿಯುತ್ತದೆ, ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. 1ರಲ್ಲೇ ಹಂಚಿಕೊಂಡಿದ್ದರೆ ಅರ್ಧ ಹೊತ್ತಾದರೂ ಪೂರ್ತಿ ವೇಗ ಸಿಗುತ್ತಿತ್ತು. ಕಡ್ಡಿಗಳೆಲ್ಲ ತುಂಬಿದ್ದರೂ ವಿಡಿಯೊ ನಿಂತು ನಿಂತು ಹೋಗುವ ಮನೆಗಳಲ್ಲಿ ಇದೇ ಗುಮಾನಿ ಮೊದಲು ಬರಬೇಕು.

ಆಯ್ಕೆ ಮಾಡುವಾಗ ರೌಟರುಗಳ ಎಣಿಕೆಗಿಂತ ಅವುಗಳ ಬಲ ಮುಖ್ಯ. ಎಲ್ಲರೂ ಮನೆಯಲ್ಲಿರುವ ರಾತ್ರಿ ಒಂಬತ್ತರ ಹೊತ್ತಿಗೆ, ನೀವು ನಿಜವಾಗಿ ಕೂತು ಬಳಸುವ ಜಾಗದಲ್ಲೇ ಸ್ಕ್ಯಾನ್ ಮಾಡಿ. ವಿಂಡೋಸ್‌ನಲ್ಲಾದರೆ:

```
netsh wlan show networks mode=bssid
```

ಇದು ಬಲವನ್ನು ಶೇಕಡಾವಾರು ತೋರಿಸುತ್ತದೆ, ಫೋನ್ ಆ್ಯಪ್‌ಗಳು ಡಿಬಿಎಂನಲ್ಲಿ. 1ರಲ್ಲಿ −55 ಮತ್ತು −68, 6ರಲ್ಲಿ −48, 11ರಲ್ಲಿ −78, −80, −84, −85 ಬಂತೆನ್ನಿ. ಅತಿ ಹೆಚ್ಚು ಹೆಸರುಗಳಿದ್ದರೂ 11 ಒಳ್ಳೆಯದು, ಅವರೆಲ್ಲ ದೂರದವರು. ಇದೇ ಪಟ್ಟಿಯಲ್ಲಿ 8ರಲ್ಲಿ −50ರ ಒಬ್ಬರು ಇದ್ದರೆ ಲೆಕ್ಕ ತಿರುವುಮುರುವು: 8 ಕೂತಿರುವುದು 2437ರಿಂದ 2457ರವರೆಗೆ, ಅದು 6ನ್ನೂ 11ನ್ನೂ ಎರಡನ್ನೂ ಕೆಡಿಸುತ್ತದೆ. ಆಗ 1ಕ್ಕೆ ಹೋಗಿ, −55ರವರೊಂದಿಗೆ ಸರದಿ ಹಂಚಿಕೊಳ್ಳುವುದೇ ಮೇಲು.

ಬದಲಾಯಿಸಲು ರೌಟರಿನ ಅಡಿಯ ಸ್ಟಿಕ್ಕರಿನಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, ವೈರ್‌ಲೆಸ್ ಪುಟದಲ್ಲಿ ಚಾನೆಲ್‌ನ Auto ತೆಗೆದು ಸಂಖ್ಯೆ ಕೊಡಿ. ಜೊತೆಗೆ Channel Width ಅನ್ನು 20 MHz ಮಾಡಿ. 40ಕ್ಕೆ ಬಿಟ್ಟರೆ ಒಬ್ಬರೇ ಪಟ್ಟಿಯ ಅರ್ಧದಷ್ಟನ್ನು ಹಿಡಿದಂತೆ. ಮೂರು ಜಾಗದ ಲೆಕ್ಕವೇ ಮುರಿದುಬೀಳುತ್ತದೆ. ಭಾರತದಲ್ಲಿ 13ರವರೆಗೆ ಬಳಸಬಹುದಾದ್ದರಿಂದ 1, 5, 9, 13 ಎಂದು ನಾಲ್ಕು ಮಾಡುವ ಉಪಾಯವೂ ಇದೆ. ಇಡೀ ಕಟ್ಟಡ ಒಪ್ಪಿದರೆ ಸರಿ. ಒಬ್ಬರೇ ಮಾಡಿ 5ಕ್ಕೆ ಹೋದರೆ 6ರವರ ಮೇಲೆ ಮುಕ್ಕಾಲು ಭಾಗ ಬಿದ್ದಿರುತ್ತೀರಿ, ಅಮೆರಿಕದಿಂದ ತಂದ ಕೆಲವು ಸಾಧನಗಳಿಗೆ 13 ಕಾಣುವುದೂ ಇಲ್ಲ.

ಬದಲಾವಣೆಯ ಮೊದಲೂ ನಂತರವೂ, ಅದೇ ಜಾಗದಲ್ಲಿ ಕೂತು, ರೌಟರಿನ ವಿಳಾಸಕ್ಕೇ ಒಂದು ನಿಮಿಷ ಪಿಂಗ್ ಮಾಡಿ. ಇಂಟರ್ನೆಟ್ ಕಂಪನಿಯ ತೊಂದರೆ ಇದರಲ್ಲಿ ಬೆರೆಯುವುದಿಲ್ಲ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಸ್ಥಿರವಾಗಿ ಬರುತ್ತಿದ್ದರೆ ಚಾನೆಲ್ ಸರಿಯಿದೆ. ಆಗಾಗ ನೂರು ದಾಟುತ್ತಿದ್ದರೆ ಇನ್ನೂ ಡಿಕ್ಕಿ ನಡೆಯುತ್ತಿದೆ. ಅಡುಗೆಮನೆಯ ಮೈಕ್ರೊವೇವ್ ಓಡುವಾಗ ಮಾತ್ರ ಹಾಗಾದರೆ ಪಕ್ಕದ ಮನೆಯವರನ್ನು ಬೈಯಬೇಡಿ. ಓವನ್ ಸೋರುವುದು 2450ರ ಸುತ್ತಮುತ್ತ. ಅದಕ್ಕೆ ಅತಿ ದೂರದಲ್ಲಿರುವುದು 1ನೇ ಚಾನೆಲ್.