ಅಂಗಡಿಗೆ ಹೆಸರಿಟ್ಟಾಯಿತು, ನೋಂದಣಿ ಎಲ್ಲಿ?

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತೇನೆ. ‘ಶ್ರೀ ಲಕ್ಷ್ಮಿ ಟೈಲರ್ಸ್’ ಹೆಸರಿನಲ್ಲಿ ಚಾಲ್ತಿ ಖಾತೆ ಕೇಳಿದರೆ ಬ್ಯಾಂಕಿನವರು ನೋಂದಣಿ ಪತ್ರ ತರಲು ಹೇಳಿದರು. ಏಜೆಂಟರೊಬ್ಬರು ಪ್ರೊಪ್ರೈಟರ್‌ಷಿಪ್ ಸರ್ಟಿಫಿಕೇಟ್ ಮಾಡಿಸಲು 5,000 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೆ?

ಉತ್ತರ: ಕೊಡಬೇಡಿ. ಆ ಹೆಸರಿನ ಸರ್ಟಿಫಿಕೇಟೇ ಇಲ್ಲ. ಕಂಪನಿಗೆ ಇರುವಂತೆ ಏಕಮಾಲೀಕ ವ್ಯಾಪಾರಕ್ಕೆ ಪ್ರತ್ಯೇಕ ನೋಂದಣಿ ಕಾನೂನು ನಮ್ಮಲ್ಲಿಲ್ಲ. ಕಾನೂನಿನ ಕಣ್ಣಿಗೆ ಅಂಗಡಿಯೂ ನೀವೂ ಒಂದೇ: ನಿಮ್ಮ ಪ್ಯಾನ್ ಕಾರ್ಡೇ ಅಂಗಡಿಯ ಪ್ಯಾನ್, ಅಂಗಡಿಯ ಸಾಲವೂ ನಿಮ್ಮದೇ.

ಹಾಗಾದರೆ ಬ್ಯಾಂಕು ಕೇಳಿದ್ದೇನು? ನಿಮ್ಮ ಆಧಾರ್, ಪ್ಯಾನ್ ಅಲ್ಲದೆ ಅಂಗಡಿಯ ಹೆಸರಿರುವ ಎರಡು ದಾಖಲೆಗಳನ್ನು. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮ ಹೇಳುವುದು ಇಷ್ಟೇ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ಪರವಾನಗಿ, ಜಿಎಸ್‌ಟಿ ಪ್ರಮಾಣಪತ್ರ ಇವುಗಳಲ್ಲಿ ಯಾವ ಎರಡಾದರೂ ಆದೀತು.

ಉದ್ಯಮ್‌ನಿಂದ ಶುರು ಮಾಡಿ. udyamregistration.gov.in ತಾಣದಲ್ಲಿ ಇದು ಪೂರ್ತಿ ಉಚಿತ. ನವೀಕರಣದ ಗೊಡವೆಯೂ ಇಲ್ಲ. ಅದನ್ನೇ ಹೋಲುವ ಖಾಸಗಿ ತಾಣಗಳು ಹಣ ಕೇಳುತ್ತವೆ, ವಿಳಾಸದ ಕೊನೆಯಲ್ಲಿ gov.in ಇದೆಯೇ ನೋಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ. ಆಧಾರ್‌ನಲ್ಲೂ ಪ್ಯಾನ್‌ನಲ್ಲೂ ನಿಮ್ಮ ಹೆಸರು ಬೇರೆ ಬೇರೆಯಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹೆಚ್ಚಿನವರು ಎಡವುವುದು ಉದ್ಯಮದ ಹೆಸರಿನ ಅಂಕಣದಲ್ಲಿ. ಅಲ್ಲಿ ಸ್ವಂತ ಹೆಸರು ಬರೆದರೆ ಆ ಪತ್ರ ಬ್ಯಾಂಕಿನಲ್ಲಿ ಕೆಲಸಕ್ಕೆ ಬಾರದು. ಉದ್ಯಮ್‌ನಲ್ಲಿ ‘ಶ್ರೀ ಲಕ್ಷ್ಮಿ ಟೈಲರ್ಸ್’, ಇನ್ನೊಂದರಲ್ಲಿ ‘ಲಕ್ಷ್ಮಿ ಟೈಲರಿಂಗ್’ ಎಂದಿದ್ದರೂ ಖಾತೆ ತೆರೆಯುವವರು ತಕರಾರು ತೆಗೆಯುತ್ತಾರೆ. ಇಂಗ್ಲಿಷಿನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕಡೆ ಅದನ್ನೇ ನಕಲು ಮಾಡಿ.

ಎರಡನೆಯ ಪತ್ರ? ಬೀದಿಯಲ್ಲಿ ಮಳಿಗೆ ಹಿಡಿದವರು ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಕಾಯ್ದೆಯಡಿ ನೋಂದಾಯಿಸಬೇಕು. ಅದರ ಶುಲ್ಕ ನೌಕರರ ಸಂಖ್ಯೆಯನ್ನು ಅವಲಂಬಿಸಿದೆ. ನಿಮ್ಮಂತೆ ಮನೆಯಲ್ಲಿ ಒಬ್ಬರೇ ಹೊಲಿಯುವವರಿಗೆ ಇನ್ನೊಂದು ದಾರಿಯಿದೆ. ಎರಡು ದಾಖಲೆ ಒದಗಿಸುವುದು ಸಾಧ್ಯವಿಲ್ಲವೆಂದು ಮನವರಿಕೆಯಾದರೆ ಬ್ಯಾಂಕು ಒಂದನ್ನೇ ಒಪ್ಪಿ, ಸ್ಥಳ ಪರಿಶೀಲನೆ ನಡೆಸಿ ಖಾತೆ ತೆರೆಯಬಹುದು. ಹಾಗೆ ಮಾಡುವುದು ಅದರ ವಿವೇಚನೆಗೆ ಬಿಟ್ಟಿದ್ದು. ಆದ್ದರಿಂದ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಡಿ, ವಿದ್ಯುತ್ ಬಿಲ್ಲನ್ನೂ ಜೊತೆಗಿಡಿ.

ಬ್ಯಾಂಕಿನ ನೆಪಕ್ಕಾಗಿ ಮಾತ್ರ ಜಿಎಸ್‌ಟಿ ಮಾಡಿಸಬೇಡಿ. ನೋಂದಣಿಗೆ ಶುಲ್ಕವಿಲ್ಲ ನಿಜ, ಆದರೆ ಆಮೇಲೆ ವ್ಯಾಪಾರ ಸೊನ್ನೆಯಾದರೂ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಹೊಲಿಗೆ ಸೇವೆಯೆನಿಸುವುದರಿಂದ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ಈ ಮಿತಿ 40 ಲಕ್ಷ.